ತಾಳೆಯಾಗದ ಬ್ಯಾಲೆನ್ಸ್ ಶೀಟ್, ಕೈತಪ್ಪುವ ಐದನೆಯ ಪ್ರಶ್ನೆ

ಸಿಎ ಇಂಟರ್‌ಮೀಡಿಯೆಟ್‌ನ ಮೊದಲ ಪತ್ರಿಕೆಯಾದ ಅಡ್ವಾನ್ಸ್ಡ್ ಅಕೌಂಟಿಂಗ್ ಬರೆದು ಹೊರಬರುವ ವಿದ್ಯಾರ್ಥಿಗಳನ್ನು ಮಾತನಾಡಿಸಿದರೆ ಹೆಚ್ಚಾಗಿ ಕೇಳಿಬರುವುದು ಒಂದೇ ಮಾತು: "ಗೊತ್ತಿತ್ತು ಸರ್, ಟೈಮ್ ಸಾಕಾಗಲಿಲ್ಲ." ಈ ಮಾತು ಸುಳ್ಳಲ್ಲ. ಆದರೆ ಸಮಯ ಎಲ್ಲಿ ಹೋಯಿತು ಎಂದು ಕೇಳಿದರೆ ಬಹುತೇಕರಿಗೆ ಉತ್ತರ ಗೊತ್ತಿರುವುದಿಲ್ಲ. ಬರವಣಿಗೆ ನಿಧಾನ, ಪ್ರಶ್ನೆಗಳು ಉದ್ದ ಎಂದು ಹೇಳಿ ಸುಮ್ಮನಾಗುತ್ತಾರೆ. ಅವರ ಉತ್ತರ ಪುಸ್ತಿಕೆಯ ಹಾಳೆ ತಿರುವಿದರೆ ಬೇರೆಯದೇ ಕಾಣುತ್ತದೆ. ಸಮಯ ಹೋಗಿರುವುದು ಬರೆಯುವುದರಲ್ಲಿ ಅಲ್ಲ, ಬರೆದು ಮುಗಿಸಿದ್ದನ್ನು ತಾಳೆ ಮಾಡುವ ಹುಡುಕಾಟದಲ್ಲಿ.

ಮೊದಲು ಪತ್ರಿಕೆಯ ಅಳತೆ ನೋಡೋಣ. ಮೂರು ಗಂಟೆ, 100 ಅಂಕ. 2024ರ ಮೇ ತಿಂಗಳಿಂದ ಜಾರಿಗೆ ಬಂದ ಹೊಸ ಪದ್ಧತಿಯಲ್ಲಿ 30 ಅಂಕ ಬಹುಆಯ್ಕೆಯ ಪ್ರಶ್ನೆಗಳಿಗೆ, 70 ಅಂಕ ವಿವರವಾಗಿ ಬರೆಯುವ ಪ್ರಶ್ನೆಗಳಿಗೆ. ವಿವರದ ಭಾಗದಲ್ಲಿ ಆರು ಪ್ರಶ್ನೆಗಳಿರುತ್ತವೆ, ಒಂದೊಂದಕ್ಕೂ 14 ಅಂಕ. ಮೊದಲನೆಯದು ಕಡ್ಡಾಯ, ಉಳಿದ ಐದರಲ್ಲಿ ನಾಲ್ಕನ್ನು ಬರೆಯಬೇಕು. ಅಂದರೆ ಬಿಡಲು ಸಿಗುವುದು ಒಂದೇ ಒಂದು ಪ್ರಶ್ನೆ. ಪಾಸಾಗಲು ಪ್ರತಿ ಪತ್ರಿಕೆಯಲ್ಲಿ ಕನಿಷ್ಠ 40 ಅಂಕ, ಗುಂಪಿನ ಮೂರು ಪತ್ರಿಕೆ ಸೇರಿ 300ಕ್ಕೆ 150 ಅಂಕ ಬೇಕು.

180 ನಿಮಿಷವನ್ನು 100 ಅಂಕಕ್ಕೆ ಹಂಚಿದರೆ ಒಂದು ಅಂಕಕ್ಕೆ 1.8 ನಿಮಿಷ. 14 ಅಂಕದ ಪ್ರಶ್ನೆಗೆ 25 ನಿಮಿಷ. ಈ 25ನ್ನು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳಬೇಕು, ಏಕೆಂದರೆ ಮುಂದೆ ಹೇಳುವುದೆಲ್ಲ ಈ ಸಂಖ್ಯೆಯ ಸುತ್ತಲೇ ಇದೆ. ಪರೀಕ್ಷೆ ಮಧ್ಯಾಹ್ನ 2ಕ್ಕೆ ಶುರುವಾಗುತ್ತದೆ. ಬಹುಆಯ್ಕೆಯ ಭಾಗಕ್ಕೆ 45 ನಿಮಿಷ ಇಟ್ಟರೆ 2.45. ಅಲ್ಲಿಂದ ಒಂದೊಂದು ಪ್ರಶ್ನೆಗೆ 25 ನಿಮಿಷದಂತೆ 3.10, 3.35, 4.00, 4.25, 4.50. ಕೊನೆಗೆ ಹತ್ತು ನಿಮಿಷ ಉಳಿಯುತ್ತದೆ. ಈ ಆರು ವೇಳೆಗಳನ್ನು ಪರೀಕ್ಷೆಗೆ ಮೊದಲೇ ಬಾಯಿಪಾಠ ಮಾಡಿಕೊಂಡಿರಬೇಕು. "ಮೂರೂವರೆಗೆ ಎಷ್ಟು ಬರೆದಿರಬೇಕು" ಎಂದು ಪರೀಕ್ಷಾ ಕೊಠಡಿಯಲ್ಲಿ ಲೆಕ್ಕ ಹಾಕುತ್ತ ಕೂರುವುದಕ್ಕೆ ಆಗುವುದಿಲ್ಲ.

ಬಹುಆಯ್ಕೆಯ ಪ್ರಶ್ನೆಗಳಿಗೆ ಅಂಕಗಳ ಲೆಕ್ಕದಲ್ಲಿ 54 ನಿಮಿಷ ಬರಬೇಕಲ್ಲ, 45 ಏಕೆ ಎಂದು ಕೇಳಬಹುದು. ಅಲ್ಲಿ ನಮೂನೆ ಬರೆಯುವ ಕೆಲಸವಿಲ್ಲ, ವಿವರಣೆ ಬರೆಯಬೇಕಿಲ್ಲ. ಪ್ರಸಂಗ ಓದಿ, ಕಚ್ಚಾ ಲೆಕ್ಕ ಹಾಕಿ, ಒಎಂಆರ್ ಹಾಳೆಯಲ್ಲಿ ವೃತ್ತ ತುಂಬಿದರೆ ಆಯಿತು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವುದನ್ನೂ ಖಾಲಿ ಬಿಡಬಾರದು. ಒಂದು ಪ್ರಶ್ನೆ ನಾಲ್ಕು ನಿಮಿಷವಾದರೂ ಬಗ್ಗದಿದ್ದರೆ ಹತ್ತಿರದ ಉತ್ತರ ತುಂಬಿ ಮುಂದೆ ಹೋಗಬೇಕು. ಈ ಭಾಗದ ಬಗ್ಗೆ ಇಷ್ಟೇ ಸಾಕು. ನಿಜವಾದ ಸೋಲು ಗೆಲುವು ಇರುವುದು ಉಳಿದ 70 ಅಂಕಗಳಲ್ಲಿ.

ಬರೆಯುವ ಮೊದಲು ಪ್ರಶ್ನೆಪತ್ರಿಕೆ ಓದಲು 15 ನಿಮಿಷ ಕೊಡುತ್ತಾರೆ, 1.45ರಿಂದ 2ರವರೆಗೆ. ಬಹಳ ಮಂದಿ ಇದನ್ನು ಕಥೆ ಓದಿದಂತೆ ಮೊದಲ ಪುಟದಿಂದ ಓದುತ್ತ ಹೋಗುತ್ತಾರೆ. ಎರಡು ಪ್ರಶ್ನೆ ಓದುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಈ ಹದಿನೈದು ನಿಮಿಷದ ಕೆಲಸ ಒಂದೇ, ಬಿಡಬೇಕಾದ ಪ್ರಶ್ನೆ ಯಾವುದು ಎಂದು ತೀರ್ಮಾನಿಸುವುದು. ಅದಕ್ಕೆ ಪ್ರತಿ ಪ್ರಶ್ನೆಯನ್ನು ಕೊನೆಯಿಂದ ಓದಬೇಕು. ಏನನ್ನು ತಯಾರಿಸಲು ಕೇಳಿದ್ದಾರೆ ಎಂಬುದು ಕೊನೆಯ ಸಾಲಿನಲ್ಲಿರುತ್ತದೆ. ಅದರ ಮೇಲೆ ಹೊಂದಾಣಿಕೆಗಳ, ಅಂದರೆ ಅಡ್ಜಸ್ಟ್‌ಮೆಂಟ್‌ಗಳ ಪಟ್ಟಿ ಇರುತ್ತದೆ. ಅದರಲ್ಲಿ ಎಷ್ಟು ಇವೆ, ಎಷ್ಟಕ್ಕೆ ಏನು ಮಾಡಬೇಕೆಂದು ಓದಿದ ಕೂಡಲೇ ಹೊಳೆಯಿತು ಎಂದು ನೋಡಬೇಕು. ಅಂಕಿಗಳ ದೊಡ್ಡ ಕೋಷ್ಟಕವನ್ನು ಈಗ ಓದುವ ಅಗತ್ಯವೇ ಇಲ್ಲ. ಅದು ಎಷ್ಟು ಉದ್ದವಿದೆ ಎಂದು ಕಣ್ಣು ಹಾಯಿಸಿದರೆ ಸಾಕು.

ಪ್ರಶ್ನೆ ಆರಿಸುವಾಗ ವಿದ್ಯಾರ್ಥಿಗಳು ಸಾಮಾನ್ಯವಾಗಿ ಬಳಸುವ ಅಳತೆ "ಈ ಅಧ್ಯಾಯ ನನಗೆ ಚೆನ್ನಾಗಿ ಬರುತ್ತದೆ" ಎಂಬುದು. ಈ ಅಳತೆ ಸಾಲದು ಎಂಬುದು ನನ್ನ ಅಭಿಪ್ರಾಯ. ಅಧ್ಯಾಯ ಬರುವುದು ಬೇರೆ, ಆ ಪ್ರಶ್ನೆ ಅಂಕವನ್ನು ಯಾವ ರೀತಿ ಕೊಡುತ್ತದೆ ಎಂಬುದು ಬೇರೆ. ಕೆಲವು ಪ್ರಶ್ನೆಗಳಲ್ಲಿ ಒಂದು ಹೆಜ್ಜೆ ಮೇಲೆ ಇನ್ನೊಂದು ನಿಂತಿರುತ್ತದೆ. ಕೆಲವದರಲ್ಲಿ ಹೆಜ್ಜೆಗಳು ಬಿಡಿಬಿಡಿಯಾಗಿರುತ್ತವೆ.

ಕಂಪನಿಗಳ ವಿಲೀನದ ಪ್ರಶ್ನೆ ಮೊದಲ ಬಗೆಯದು. ಅಲ್ಲಿ ಕೊಳ್ಳುವ ಕಂಪನಿ ಕೊಡಬೇಕಾದ ಒಟ್ಟು ಬೆಲೆ, ಅಂದರೆ ಪರ್ಚೇಸ್ ಕನ್ಸಿಡರೇಷನ್ ಮೊದಲು ಬರಬೇಕು. ಅದರಿಂದ ಗುಡ್‌ವಿಲ್ ಅಥವಾ ಕ್ಯಾಪಿಟಲ್ ರಿಸರ್ವ್, ಅದರಿಂದ ಜರ್ನಲ್ ನಮೂದುಗಳು, ಕೊನೆಗೆ ಬ್ಯಾಲೆನ್ಸ್ ಶೀಟ್. ಷೇರು ವಿನಿಮಯದ ಅನುಪಾತದ ವಾಕ್ಯ ಎರಡು ಬಾರಿ ಓದಿದರೂ ಸ್ಪಷ್ಟವಾಗದಿದ್ದರೆ ಕೆಳಗಿನದೆಲ್ಲ ಅಲುಗಾಡುತ್ತದೆ. ಆಂತರಿಕ ಪುನರ್ರಚನೆಯ ಪ್ರಶ್ನೆ ಇದಕ್ಕೆ ತದ್ವಿರುದ್ಧ. ನೋಡಲು ಪುಟವಿಡೀ ಇರುತ್ತದೆ, ಹೊಂದಾಣಿಕೆಗಳು ಹತ್ತು ಹನ್ನೆರಡು ಇರುತ್ತವೆ, ಹೆದರಿಕೆ ಹುಟ್ಟಿಸುತ್ತದೆ. ಆದರೆ ಷೇರಿನ ಮುಖಬೆಲೆ ಇಳಿಸಿದ್ದಕ್ಕೆ ಒಂದು ನಮೂದು, ಡಿಬೆಂಚರುದಾರರು ಬಡ್ಡಿ ಬಿಟ್ಟುಕೊಟ್ಟದ್ದಕ್ಕೆ ಇನ್ನೊಂದು, ಆಸ್ತಿಯ ಬೆಲೆ ತಗ್ಗಿಸಿದ್ದಕ್ಕೆ ಮತ್ತೊಂದು. ನಾಲ್ಕನೆಯದು ಬರದಿದ್ದರೂ ಐದನೆಯದಕ್ಕೆ ಅಡ್ಡಿಯಿಲ್ಲ. ಒಂದೊಂದು ನಮೂದೂ ತನ್ನ ಅಂಕವನ್ನು ತಾನೇ ತರುತ್ತದೆ. ಉದ್ದ ನೋಡಿ ಇಂಥದ್ದನ್ನು ಬಿಟ್ಟು, ಚಿಕ್ಕದೆಂದು ವಿಲೀನವನ್ನು ಆರಿಸಿಕೊಂಡು ಸಿಕ್ಕಿಹಾಕಿಕೊಳ್ಳುವವರು ಬಹಳ.

ಷೇರುಗಳ ಮರುಖರೀದಿ, ಅಂದರೆ ಬೈಬ್ಯಾಕ್ ಪ್ರಶ್ನೆಯೂ ಇಂಥ ಬಿಡಿ ಹೆಜ್ಜೆಯದೇ. 2013ರ ಕಂಪನಿ ಕಾಯ್ದೆಯ 68ನೇ ಕಲಮಿನ ಪ್ರಕಾರ ಮೂರು ಪರೀಕ್ಷೆ ಹಾಕಿ, ಮೂರರಲ್ಲಿ ಯಾವುದು ಕಡಿಮೆಯೋ ಅಷ್ಟು ಷೇರು ಕೊಳ್ಳಬಹುದು. ಹತ್ತು ರೂಪಾಯಿ ಮುಖಬೆಲೆಯ 10 ಲಕ್ಷ ಷೇರುಗಳಿವೆ ಎಂದುಕೊಳ್ಳಿ. ಷೇರು ಸಂಖ್ಯೆಯ ಶೇ. 25 ಎಂದರೆ 2,50,000 ಷೇರು, ಇದು ಒಂದು ಮಿತಿ. ಬಂಡವಾಳ ಒಂದು ಕೋಟಿ, ಮುಕ್ತ ಮೀಸಲು 80 ಲಕ್ಷ, ಎರಡೂ ಸೇರಿದರೆ 1.80 ಕೋಟಿ. ಅದರ ಶೇ. 25 ಎಂದರೆ 45 ಲಕ್ಷ. ಕೊಳ್ಳುವ ಬೆಲೆ 30 ರೂಪಾಯಿಯಾದರೆ 1,50,000 ಷೇರು, ಇದು ಎರಡನೆಯ ಮಿತಿ. ಸಾಲ ಮತ್ತು ಸ್ವಂತ ನಿಧಿಯ ಅನುಪಾತ ಮರುಖರೀದಿಯ ನಂತರವೂ 2:1ನ್ನು ಮೀರಬಾರದು ಎಂಬುದು ಮೂರನೆಯದು. ಇಲ್ಲಿ ಎರಡು ಸಮೀಕರಣ ಬಿಡಿಸಬೇಕಾಗುವುದರಿಂದ ಹಲವರು ತಡವರಿಸುತ್ತಾರೆ. ತಡವರಿಸಿದರೂ ಮೊದಲೆರಡರ ಅಂಕ ಎಲ್ಲಿಗೂ ಹೋಗುವುದಿಲ್ಲ. ಮೂರನೆಯದು ಗೊತ್ತಿಲ್ಲವೆಂದು ಇಡೀ ಪ್ರಶ್ನೆಯನ್ನು ಬಿಡುವುದು ತಪ್ಪು ಆಯ್ಕೆ.

ಹಾಗಾಗಿ ಬಿಡಬೇಕಾದ ಪ್ರಶ್ನೆ ಕಷ್ಟದ್ದೇ ಆಗಿರಬೇಕೆಂದಿಲ್ಲ. ಮೊದಲ ಹೆಜ್ಜೆಯಲ್ಲೇ ಯಾವುದು ಅನುಮಾನ ಹುಟ್ಟಿಸುತ್ತದೋ, ಆ ಅನುಮಾನ ಕೆಳಗಿನ ಎಲ್ಲ ಹೆಜ್ಜೆಗೂ ಹರಿಯುತ್ತದೋ, ಅದನ್ನು ಬಿಡಬೇಕು. ಹೊಂದಾಣಿಕೆಗಳಲ್ಲಿ ಕೊನೆಯದೊಂದು ಗೊತ್ತಿಲ್ಲವೆಂದರೆ ಅದು ಬಿಡಲು ಕಾರಣವಲ್ಲ.

ಆಯ್ಕೆಯಾದ ಮೇಲೆ ಅದನ್ನು ಬದಲಿಸುವ ವಿಚಾರದಲ್ಲಿ ಒಂದು ನಿಯಮ ನೆನಪಿರಬೇಕು. ಐದೂ ಪ್ರಶ್ನೆ ಬರೆದರೆ ಚೆನ್ನಾಗಿರುವ ನಾಲ್ಕನ್ನು ಪರೀಕ್ಷಕರು ಆರಿಸಿಕೊಳ್ಳುತ್ತಾರೆ ಎಂದು ಎಷ್ಟೋ ಮಂದಿ ನಂಬಿದ್ದಾರೆ. ಸಿಎ ಪರೀಕ್ಷೆಯಲ್ಲಿ ಹಾಗಿಲ್ಲ. ಪುಸ್ತಿಕೆಯಲ್ಲಿ ಮೊದಲು ಬರೆದಷ್ಟನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಹೆಚ್ಚುವರಿಯಾದದ್ದನ್ನು ನೋಡುವುದಿಲ್ಲ. ಆದ್ದರಿಂದ ಅರ್ಧ ಬರೆದು ಬಿಟ್ಟ ಪ್ರಶ್ನೆಯನ್ನು ಅಡ್ಡಗೆರೆ ಹೊಡೆದು ರದ್ದು ಮಾಡದೆ ಮುಂದೆ ಹೋದರೆ, ಕೊನೆಗೆ ಬರೆದ ಒಳ್ಳೆಯ ಉತ್ತರವೇ ಲೆಕ್ಕದಿಂದ ಹೊರಗುಳಿಯಬಹುದು. ಆಯ್ಕೆ ತಪ್ಪಾಯಿತೆಂದು ಮೊದಲ ಐದಾರು ನಿಮಿಷದಲ್ಲೇ ತಿಳಿದರೆ ರದ್ದು ಮಾಡಿ ಬೇರೆಯದಕ್ಕೆ ಹೋಗಬಹುದು. ಹತ್ತು ನಿಮಿಷ ದಾಟಿದ ಮೇಲೆ ಬದಲಿಸಿದರೆ ನಷ್ಟವೇ ಹೆಚ್ಚು. ಅಷ್ಟು ಹೊತ್ತಿಗೆ ಐದಾರು ಅಂಕದ ಕೆಲಸ ಹಾಳೆಯ ಮೇಲೆ ಬಂದಿರುತ್ತದೆ. ಅದನ್ನೇ ಆದಷ್ಟು ಮುಂದುವರಿಸಿ, 25 ನಿಮಿಷಕ್ಕೆ ನಿಲ್ಲಿಸುವುದು ಲೇಸು.

ಇನ್ನು ಆ 25 ನಿಮಿಷದೊಳಗೆ ಏನಾಗುತ್ತದೆ ಎಂಬುದಕ್ಕೆ ಬರೋಣ. ಸಮಯ ನುಂಗುವುದರಲ್ಲಿ ಹೆಸರಾದ ಹೋಲ್ಡಿಂಗ್ ಕಂಪನಿಯ ಲೆಕ್ಕವನ್ನೇ ತೆಗೆದುಕೊಳ್ಳುತ್ತೇನೆ.

ಎ ಕಂಪನಿ ಬಿ ಕಂಪನಿಯ ಶೇ. 80ರಷ್ಟು ಷೇರುಗಳನ್ನು 2024ರ ಅಕ್ಟೋಬರ್ 1ರಂದು 12,20,000 ರೂಪಾಯಿಗೆ ಕೊಂಡಿದೆ. ಲೆಕ್ಕದ ವರ್ಷ 2025ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ಬಿ ಕಂಪನಿಯ ಷೇರು ಬಂಡವಾಳ 10,00,000. ಸಾಮಾನ್ಯ ಮೀಸಲು ವರ್ಷದ ಮೊದಲಿಂದ ಕೊನೆಯವರೆಗೂ 2,00,000. ಲಾಭ ನಷ್ಟ ಖಾತೆಯ ಶಿಲ್ಕು ವರ್ಷದ ಆರಂಭಕ್ಕೆ 1,20,000, ಕೊನೆಗೆ 3,00,000. ಲಾಭ ವರ್ಷವಿಡೀ ಸಮನಾಗಿ ಬಂದಿದೆ ಎಂದು ಪ್ರಶ್ನೆಯಲ್ಲೇ ಹೇಳಿದೆ. ಎ ಕಂಪನಿಯ ಲಾಭ ನಷ್ಟ ಖಾತೆಯ ಶಿಲ್ಕು 5,00,000. ಜೊತೆಗೆ ಎರಡು ಹೊಂದಾಣಿಕೆ. ಎ ಮಾರಿದ ಸರಕಿನಲ್ಲಿ 60,000 ರೂಪಾಯಿಯಷ್ಟು ಬಿ ಬಳಿ ಇನ್ನೂ ದಾಸ್ತಾನಿದೆ, ಎ ಅದನ್ನು ಅಸಲಿನ ಮೇಲೆ ಶೇ. 25 ಲಾಭಕ್ಕೆ ಮಾರಿತ್ತು. ಬಿ ಕಂಪನಿ ಎ ಕಂಪನಿಗೆ 40,000 ಕೊಡಬೇಕು.

ಗಡಿಯಾರ ನೋಡಿ ಪ್ರಶ್ನೆ ಓದಲು ಮೂರು ನಿಮಿಷ. ನಂತರ ನೇರವಾಗಿ ವರ್ಕಿಂಗ್ ನೋಟುಗಳು. ಬ್ಯಾಲೆನ್ಸ್ ಶೀಟಿನ ನಮೂನೆ ಹಾಕಿಕೊಂಡು ಆಮೇಲೆ ಅದನ್ನು ತುಂಬಲು ಲೆಕ್ಕ ಹುಡುಕುವ ಅಭ್ಯಾಸ ಕೆಲವರಿಗಿದೆ. ಅದರಿಂದ ನೋಟುಗಳು ಕೊನೆಯ ಪುಟಗಳಲ್ಲಿ ಕಚ್ಚಾ ಲೆಕ್ಕವಾಗಿ ಚದುರುತ್ತವೆ. ವರ್ಕಿಂಗ್ ನೋಟು ಉತ್ತರದ ಭಾಗವೇ ಆಗಿರಬೇಕು ಎಂದು ಪ್ರಶ್ನೆಪತ್ರಿಕೆಯಲ್ಲೇ ಮುದ್ರಿಸಿರುತ್ತಾರೆ, ಅಂಕಗಳೂ ಹಂತಹಂತವಾಗಿಯೇ ಸಿಗುತ್ತವೆ. ಆದ್ದರಿಂದ ಮೊದಲು ಬರೆಯಬೇಕಾದದ್ದು ಅವೇ.

ಮೊದಲ ನೋಟು ಲಾಭದ ವಿಂಗಡಣೆ. ವರ್ಷದ ಲಾಭ 1,80,000, ಕೊಂಡದ್ದು ವರ್ಷದ ನಡುವೆ, ಆದ್ದರಿಂದ ಅರ್ಧ 90,000 ಕೊಳ್ಳುವ ಮೊದಲಿನದು, ಅರ್ಧ ನಂತರದ್ದು. ಮೊದಲಿನದಕ್ಕೆ ಮೀಸಲು 2,00,000 ಮತ್ತು ಆರಂಭದ ಶಿಲ್ಕು 1,20,000 ಸೇರಿ 4,10,000. ನಂತರದ್ದು 90,000. ಎರಡನೆಯ ನೋಟು ಅಲ್ಪಪಾಲುದಾರರ ಹಕ್ಕು, ಅಂದರೆ ಮೈನಾರಿಟಿ ಇಂಟರೆಸ್ಟ್. ಬಂಡವಾಳ, ಮೊದಲಿನ ಲಾಭ, ನಂತರದ ಲಾಭ ಒಟ್ಟು 15,00,000, ಅದರ ಶೇ. 20 ಎಂದರೆ 3,00,000. ಮೂರನೆಯದು ಗುಡ್‌ವಿಲ್. ಕೊಟ್ಟದ್ದು 12,20,000, ಪಡೆದದ್ದು 14,10,000ದ ಶೇ. 80 ಅಂದರೆ 11,28,000, ಉಳಿದ 92,000 ಗುಡ್‌ವಿಲ್. ನಾಲ್ಕನೆಯದು ಒಟ್ಟುಗೂಡಿಸಿದ ಲಾಭ. ಎ ಕಂಪನಿಯ 5,00,000ಕ್ಕೆ ಬಿ ಕಂಪನಿಯ ನಂತರದ ಲಾಭದ ಶೇ. 80, ಅಂದರೆ 72,000 ಸೇರಿಸಿ, ದಾಸ್ತಾನಿನಲ್ಲಿ ಅಡಗಿರುವ ಲಾಭ 12,000 ಕಳೆದರೆ 5,60,000.

ನಾಲ್ಕು ನೋಟಿಗೆ ಹತ್ತು ನಿಮಿಷ ಸಾಕು. ಈ ಘಟ್ಟಕ್ಕೆ ಬಂದಾಗ ಅರ್ಧಕ್ಕಿಂತ ಹೆಚ್ಚು ಅಂಕ ಹಾಳೆಯ ಮೇಲೆ ಇರುತ್ತದೆ, ಬ್ಯಾಲೆನ್ಸ್ ಶೀಟಿನ ಒಂದು ಸಾಲನ್ನೂ ಬರೆದಿರುವುದಿಲ್ಲ. ಉಳಿದ ಹನ್ನೆರಡು ನಿಮಿಷದಲ್ಲಿ ನಮೂನೆ ಹಾಕಿ ಎರಡೂ ಕಂಪನಿಯ ಆಸ್ತಿ, ಹೊಣೆಗಳನ್ನು ಕೂಡಿಸುತ್ತ ಹೋಗುವುದು. ಇಲ್ಲಿಯವರೆಗೆ ತೊಂದರೆ ಕಡಿಮೆ.

ತೊಂದರೆ ಶುರುವಾಗುವುದು ಎರಡೂ ಬದಿಯ ಮೊತ್ತ ಬೇರೆ ಬಂದಾಗ. ನನ್ನ ಬಳಿ ಅಭ್ಯಾಸಕ್ಕೆಂದು ಮಾದರಿ ಪರೀಕ್ಷೆ ಬರೆದ ಹುಡುಗಿಯೊಬ್ಬಳ ಹಾಳೆ ಈಗಲೂ ಕಣ್ಣಮುಂದಿದೆ. ಇಂಥದ್ದೇ ಲೆಕ್ಕ. ನೋಟುಗಳು ನಾಲ್ಕೂ ಸರಿ. ಹೊಣೆಯ ಬದಿ 40,000 ಜಾಸ್ತಿ ಬಂದಿದೆ. ಅವಳು ಮೊದಲು ಕೂಡಿಕೆಯನ್ನು ಮತ್ತೆ ಮಾಡಿದ್ದಾಳೆ. ಆಮೇಲೆ ಗುಡ್‌ವಿಲ್ಲಿನ ನೋಟನ್ನು ಹೊಡೆದುಹಾಕಿ ಮತ್ತೆ ಬರೆದಿದ್ದಾಳೆ, ಅದೇ ಉತ್ತರ ಬಂದಿದೆ. ಮೈನಾರಿಟಿ ಇಂಟರೆಸ್ಟ್ ಮತ್ತೆ ಬರೆದಿದ್ದಾಳೆ. ಇದರಲ್ಲೇ ಇಪ್ಪತ್ತು ನಿಮಿಷ ಹೋಗಿ, ಕೊನೆಯ ಪ್ರಶ್ನೆಯ ಸಂಖ್ಯೆಯನ್ನಷ್ಟೇ ಬರೆಯಲು ಸಾಧ್ಯವಾಗಿದೆ. "ಬ್ಯಾಲೆನ್ಸ್ ಶೀಟ್ ತಾಳೆಯಾಗದೆ ಹೇಗೆ ಸರ್ ಮುಂದೆ ಹೋಗೋದು?" ಎಂದು ಅವಳು ಕೇಳಿದಳು. ಪಿಯುಸಿಯಿಂದಲೂ ತಾಳೆಯಾದರೆ ಸರಿ, ಆಗದಿದ್ದರೆ ತಪ್ಪು ಎಂದೇ ನಾವು ಕಲಿಸಿದ್ದೇವೆ. ಆ ನಂಬಿಕೆ ಎಷ್ಟು ಆಳದ್ದೆಂದರೆ, ತಾಳೆಯಾಗದ ಲೆಕ್ಕವನ್ನು ಬಿಟ್ಟು ಮುಂದೆ ಹೋಗಲು ಕೈ ಬರುವುದಿಲ್ಲ.

ಈ ನಂಬಿಕೆಯನ್ನು ಮೇಲಿನ ಲೆಕ್ಕದಲ್ಲೇ ಪರೀಕ್ಷಿಸೋಣ. ದಾಸ್ತಾನಿನ ಲಾಭ ನೋಡಿ. ಅಸಲಿನ ಮೇಲೆ ಶೇ. 25 ಎಂದರೆ ಮಾರಾಟ ಬೆಲೆಯ ಐದನೆಯ ಒಂದು ಭಾಗ, ಆದ್ದರಿಂದ 60,000ದಲ್ಲಿ ಲಾಭ 12,000. ಅವಸರದಲ್ಲಿ 60,000ದ ಶೇ. 25 ಎಂದು 15,000 ತೆಗೆದುಕೊಂಡರೆ ಏನಾಗುತ್ತದೆ? ಲಾಭದಿಂದ 15,000 ಕಳೆಯುತ್ತೀರಿ, ದಾಸ್ತಾನಿನಿಂದಲೂ 15,000 ಕಳೆಯುತ್ತೀರಿ. ಬ್ಯಾಲೆನ್ಸ್ ಶೀಟ್ ಸೊಗಸಾಗಿ ತಾಳೆಯಾಗುತ್ತದೆ. ಲೆಕ್ಕ ಮಾತ್ರ ತಪ್ಪು.

ಇನ್ನೂ ದೊಡ್ಡ ತಪ್ಪನ್ನು ನೋಡೋಣ. ಷೇರು ಕೊಂಡ ತಾರೀಖನ್ನೇ ಗಮನಿಸದೆ ಇಡೀ ವರ್ಷದ 1,80,000 ಲಾಭವನ್ನು ಕೊಂಡ ನಂತರದ್ದೆಂದು ಹಿಡಿದರು ಎಂದುಕೊಳ್ಳಿ. ಮೊದಲಿನ ಲಾಭ 3,20,000ಕ್ಕೆ ಇಳಿಯುತ್ತದೆ. ಗುಡ್‌ವಿಲ್ 12,20,000ದಿಂದ 10,56,000 ಕಳೆದು 1,64,000 ಆಗುತ್ತದೆ, ಅಂದರೆ ಇರಬೇಕಾದದ್ದಕ್ಕಿಂತ 72,000 ಜಾಸ್ತಿ. ಅತ್ತ ಲಾಭದಲ್ಲಿ ಎ ಕಂಪನಿಯ ಪಾಲು 72,000 ಇದ್ದದ್ದು 1,44,000 ಆಗುತ್ತದೆ, ಅದೂ 72,000 ಜಾಸ್ತಿ. ಆಸ್ತಿಯ ಬದಿ 72,000 ಏರಿತು, ಹೊಣೆಯ ಬದಿಯೂ 72,000 ಏರಿತು. ಈ ಪ್ರಶ್ನೆಯ ಜೀವಾಳವೇ ತಪ್ಪಾಗಿದೆ, ಆದರೂ ಎರಡೂ ಬದಿ ಸಮ.

ಆ ಹುಡುಗಿಯ 40,000 ಎಲ್ಲಿಂದ ಬಂತು? ಎರಡು ಕಂಪನಿಗಳ ನಡುವಿನ ಬಾಕಿಯನ್ನು ಬರಬೇಕಾದ ಹಣದಿಂದ ಕಳೆದಿದ್ದಳು, ಕೊಡಬೇಕಾದ ಹಣದಿಂದ ಕಳೆಯಲು ಮರೆತಿದ್ದಳು. ಒಂದು ಸಾಲಿನ ಮರೆವು. 14ರಲ್ಲಿ ಅದಕ್ಕೆ ಹೋಗುವುದು ಒಂದು ಅಂಕದ ಆಸುಪಾಸು. ಆ ಒಂದು ಅಂಕಕ್ಕಾಗಿ 14 ಅಂಕದ ಪ್ರಶ್ನೆಯೊಂದು ಖಾಲಿ ಉಳಿಯಿತು.

ತಾಳೆ ಎಂಬುದು ಹೇಳುವುದು ಇಷ್ಟೇ, ಒಂದು ಬದಿಯಲ್ಲಿ ಮಾಡಿದ್ದನ್ನು ಇನ್ನೊಂದು ಬದಿಯಲ್ಲೂ ಮಾಡಿದ್ದೀರಿ. ಮಾಡಿದ್ದು ಸರಿಯೋ ತಪ್ಪೋ ಎಂದು ಅದು ಹೇಳುವುದಿಲ್ಲ. ಆದ್ದರಿಂದ ವ್ಯತ್ಯಾಸ ಬಂದಾಗ ನೋಟುಗಳನ್ನು ಮತ್ತೆ ಬಿಡಿಸಲು ಹೋಗುವುದು ತಪ್ಪು ಜಾಗದಲ್ಲಿ ಹುಡುಕಿದಂತೆ. ನೋಟಿನ ತಪ್ಪುಗಳಲ್ಲಿ ಬಹುಪಾಲು ಎರಡೂ ಬದಿಗೆ ಹರಿದುಬಿಡುತ್ತವೆ, ವ್ಯತ್ಯಾಸವಾಗಿ ಕಾಣಿಸಿಕೊಳ್ಳುವುದೇ ಇಲ್ಲ. ಕಾಣಿಸಿಕೊಳ್ಳುವುದು ನಕಲು ಮಾಡುವಾಗ ಬಿಟ್ಟ ಸಾಲು, ಒಂದೇ ಬದಿಯಲ್ಲಿ ಮಾಡಿದ ಹೊಂದಾಣಿಕೆ, ಕೂಡಿಕೆಯ ದೋಷ.

ಹುಡುಕಲೇಬೇಕೆಂದರೆ ಮೂರು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ವ್ಯತ್ಯಾಸದ ಮೊತ್ತ ಪ್ರಶ್ನೆಯಲ್ಲಿ ಎಲ್ಲಾದರೂ ಇದೆಯೇ ಎಂದು ಮೊದಲು ನೋಡಬೇಕು. ಇದ್ದರೆ ಆ ಸಾಲು ಒಂದು ಬದಿಯಲ್ಲಿ ಬಿಟ್ಟುಹೋಗಿದೆ. ಅದರ ಅರ್ಧ ಕಾಣಿಸಿದರೆ, ಕೂಡಬೇಕಾದದ್ದನ್ನು ಕಳೆದಿದ್ದೀರಿ ಅಥವಾ ಕಳೆಯಬೇಕಾದದ್ದನ್ನು ಕೂಡಿದ್ದೀರಿ. ವ್ಯತ್ಯಾಸ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುವುದಾದರೆ 5,40,000ವನ್ನು 4,50,000 ಎಂದು ಬರೆದಂತೆ ಅಂಕಿ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. ಈ ಮೂರರಲ್ಲಿ ಸಿಗದಿದ್ದರೆ ಎರಡೂ ಮೊತ್ತವನ್ನು ಇದ್ದಂತೆ ಬರೆದು ಮುಂದಿನ ಪ್ರಶ್ನೆಗೆ ಹೋಗಬೇಕು. ಮೊತ್ತವನ್ನು ತಿದ್ದಿ ಬಲವಂತವಾಗಿ ಸಮ ಮಾಡುವುದು, ಸಸ್ಪೆನ್ಸ್ ಖಾತೆ ಎಂದು ಒಂದು ಸಾಲು ಸೇರಿಸುವುದು ಯಾವ ಪ್ರಯೋಜನಕ್ಕೂ ಬಾರದು. ಕೊನೆಯ ಹತ್ತು ನಿಮಿಷ ಉಳಿಸಿಕೊಂಡದ್ದೇ ಇಂಥವಕ್ಕೆ. ಆಗ ಹಿಂದಿರುಗಿ ಬಂದು ತಣ್ಣಗೆ ನೋಡಿದರೆ, ಇಪ್ಪತ್ತು ನಿಮಿಷ ಕಾಣದ ಸಾಲು ಎರಡು ನಿಮಿಷದಲ್ಲಿ ಕಾಣುವುದುಂಟು.

ಇಷ್ಟು ಒತ್ತಿ ಹೇಳಲು ಕಾರಣ ಅಂಕಗಳು ಬರುವ ವೇಗ. 14 ಅಂಕದ ಪ್ರಶ್ನೆಯಲ್ಲಿ ಮೊದಲ ಹದಿನೈದು ನಿಮಿಷಕ್ಕೆ ಎಂಟೊಂಬತ್ತು ಅಂಕ ಬರುತ್ತದೆ, ಮುಂದಿನ ಹತ್ತು ನಿಮಿಷಕ್ಕೆ ಎರಡೋ ಮೂರೋ. ಆಮೇಲೆ ಹಾಕುವ ನಿಮಿಷಗಳು ಬಹುಪಾಲು ಬರಿಗೈ. 125 ನಿಮಿಷದಲ್ಲಿ ನಾಲ್ಕೇ ಪ್ರಶ್ನೆಯನ್ನು ತಿದ್ದಿ ತೀಡಿ, ಒಂದೊಂದಕ್ಕೆ 12 ಅಂಕ ಪಡೆದರೂ ಒಟ್ಟು 48. ಅದೇ 125 ನಿಮಿಷದಲ್ಲಿ ಐದೂ ಪ್ರಶ್ನೆ ಬರೆದು ಒಂದೊಂದಕ್ಕೆ ಹತ್ತೂವರೆ ಪಡೆದರೆ 52ರ ಮೇಲೆ. ಗುಂಪಿಗೆ 150 ಬೇಕಾದವರಿಗೆ ಈ ನಾಲ್ಕು ಅಂಕ ಚಿಕ್ಕದಲ್ಲ.

ಕಡ್ಡಾಯವಾದ ಮೊದಲ ಪ್ರಶ್ನೆಯ ಬಗ್ಗೆ ಒಂದು ಮಾತು. ಅದು ಹೆಚ್ಚಾಗಿ ಅಕೌಂಟಿಂಗ್ ಸ್ಟ್ಯಾಂಡರ್ಡ್‌ಗಳ ಮೇಲೆ ಇರುತ್ತದೆ, ಎರಡು ಮೂರು ತುಂಡುಗಳಾಗಿ. ಇಲ್ಲಿ ಸಮಯ ಹೋಗುವ ದಾರಿ ಬೇರೆ. ಸ್ಟ್ಯಾಂಡರ್ಡ್ ಚೆನ್ನಾಗಿ ಓದಿಕೊಂಡವರು ಅದರ ವಿಧಿಯನ್ನೇ ಪುಟಗಟ್ಟಲೆ ಬರೆಯುತ್ತಾರೆ, ಸಂಖ್ಯೆಗೆ ಬರುವಷ್ಟರಲ್ಲಿ ಹದಿನೈದು ನಿಮಿಷ ಕಳೆದಿರುತ್ತದೆ. ವಿಧಿಗೆ ಎರಡು ಸಾಲು, ಲೆಕ್ಕ, ತೀರ್ಮಾನಕ್ಕೆ ಒಂದು ಸಾಲು, ಇಷ್ಟು ಸಾಕು. ಐದು ಅಂಕದ ತುಂಡಿಗೆ ಒಂಬತ್ತು ನಿಮಿಷ. ಮೊದಲ ಪ್ರಶ್ನೆಯನ್ನೇ ಮೊದಲು ಬರೆಯಬೇಕೆಂಬ ನಿಯಮವೇನೂ ಇಲ್ಲ. ಓದುವ ಹೊತ್ತಿನಲ್ಲಿ ಯಾವುದು ಅತ್ಯಂತ ಖಚಿತವೆನಿಸಿತೋ ಅದರಿಂದ ಶುರುಮಾಡಿ, ಬ್ಯಾಲೆನ್ಸ್ ಶೀಟ್ ಕೇಳುವ ದೊಡ್ಡ ಲೆಕ್ಕವನ್ನು ಮೂರನೆಯದೋ ನಾಲ್ಕನೆಯದೋ ಆಗಿ ಇಟ್ಟುಕೊಳ್ಳುವುದು ಒಳ್ಳೆಯದು. ಅದನ್ನು ಕೊನೆಗೆ ಇಟ್ಟರೆ ಅವಸರದಲ್ಲಿ ನೋಟುಗಳೇ ಬಿಟ್ಟುಹೋಗುತ್ತವೆ. ಮೊದಲೇ ಇಟ್ಟರೆ ಮುಂದೆ ಬೇಕಾದಷ್ಟು ಸಮಯವಿದೆ ಎಂಬ ಧೈರ್ಯದಲ್ಲಿ 25 ನಿಮಿಷ 45 ಆಗುತ್ತದೆ.

ಸಣ್ಣ ಸಣ್ಣ ಸೋರಿಕೆಗಳೂ ಇವೆ. ಪಿಯುಸಿಯಲ್ಲಿ ಸ್ಕೇಲು, ಪೆನ್ಸಿಲ್ ಹಿಡಿದು ಖಾತೆಗಳಿಗೆ ಗೆರೆ ಹಾಕಿದ ರೂಢಿ ಕೈ ಬಿಡುವುದಿಲ್ಲ. ಒಂದು ಪತ್ರಿಕೆಯಲ್ಲಿ ಹತ್ತು ಹನ್ನೆರಡು ಕೋಷ್ಟಕ ಬಂದರೆ ಗೆರೆಗಳಿಗೇ ಹತ್ತು ನಿಮಿಷ ಬೇಕು. ಕೈಯಲ್ಲೇ ನೇರವಾಗಿ ಎಳೆದ ಗೆರೆ ಸಾಲದೇ ಇರುವುದಿಲ್ಲ. ಕ್ಯಾಲ್ಕುಲೇಟರಿನ ಮೆಮೊರಿ ಗುಂಡಿಗಳನ್ನು ಬಳಸದೆ ಮಧ್ಯದ ಉತ್ತರಗಳನ್ನು ಕಾಗದಕ್ಕಿಳಿಸಿ ಮತ್ತೆ ಒತ್ತುವವರೂ ಇದ್ದಾರೆ. ಎರಡು ಬಾರಿ ಒತ್ತಿದಷ್ಟೂ ತಪ್ಪಿಗೆ ಎರಡು ಅವಕಾಶ. ಪರೀಕ್ಷೆಗೆ ಒಯ್ಯುವ ಕ್ಯಾಲ್ಕುಲೇಟರಿನಲ್ಲೇ ತಿಂಗಳುಗಟ್ಟಲೆ ಅಭ್ಯಾಸ ಮಾಡಿರಬೇಕು.

ಇವನ್ನೆಲ್ಲ ಓದಿ ತಿಳಿದರೆ ಸಾಲದು, ಯಾವ ಸೋರಿಕೆ ನಿಮ್ಮದು ಎಂದು ಅಳೆದು ನೋಡಬೇಕು. ಅದಕ್ಕೊಂದು ಸುಲಭ ದಾರಿಯಿದೆ. ಹಳೆಯ ಪ್ರಶ್ನೆಪತ್ರಿಕೆಗಳೂ ಮಾದರಿ ಪತ್ರಿಕೆಗಳೂ ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಒಂದನ್ನು ಮಧ್ಯಾಹ್ನ 2ರಿಂದ 5ರವರೆಗೆ ಕೂತು ಬರೆಯಿರಿ. ಬರೆಯುವಾಗ ಹಾಳೆಯ ಅಂಚಿನಲ್ಲಿ ನಾಲ್ಕು ಕಡೆ ವೇಳೆ ಗುರುತು ಹಾಕಿ: ಓದಿ ಮುಗಿಸಿದಾಗ, ನೋಟುಗಳು ಮುಗಿದಾಗ, ನಮೂನೆ ಮುಗಿದಾಗ, ಪ್ರಶ್ನೆಯನ್ನು ಬಿಟ್ಟು ಎದ್ದಾಗ. ಮೂರನೆಯ ಮತ್ತು ನಾಲ್ಕನೆಯ ಗುರುತಿನ ನಡುವಿನ ಅಂತರವೇ ತಾಳೆಯ ಹುಡುಕಾಟಕ್ಕೆ ಹೋದ ಸಮಯ. ಮೊದಲ ಮತ್ತು ಎರಡನೆಯದರ ನಡುವೆ ಜಾಸ್ತಿಯಾಗಿದ್ದರೆ ತೊಂದರೆ ವಿಷಯದ್ದು, ಆ ಅಧ್ಯಾಯವನ್ನು ಮತ್ತೆ ಓದಬೇಕು. ಎರಡು ಮತ್ತು ಮೂರರ ನಡುವೆ ಜಾಸ್ತಿಯಾಗಿದ್ದರೆ ನಮೂನೆ ಕೈಗೆ ಕೂತಿಲ್ಲ, ಸಂಖ್ಯೆಯೇ ಇಲ್ಲದ ಖಾಲಿ ನಮೂನೆಯನ್ನು ದಿನಕ್ಕೊಮ್ಮೆ ಬರೆದು ರೂಢಿಸಿಕೊಳ್ಳಬೇಕು.

ಈ ಲೆಕ್ಕಾಚಾರಕ್ಕೂ ಮಿತಿ ಇದೆ. ನಾಲ್ಕು ನೋಟುಗಳನ್ನು ಹತ್ತು ನಿಮಿಷದಲ್ಲಿ ಬರೆಯುವಷ್ಟು ವಿಷಯ ಗೊತ್ತಿಲ್ಲದವರಿಗೆ ಯಾವ ಸಮಯದ ಹಂಚಿಕೆಯೂ ಅಂಕ ತಂದುಕೊಡದು. ಗೊತ್ತಿದ್ದೂ ಕಳೆದುಕೊಳ್ಳುವವರಿಗಾಗಿ ಇದನ್ನು ಬರೆದಿದ್ದೇನೆ. ಪರೀಕ್ಷೆ ಈಗ ವರ್ಷಕ್ಕೆ ಮೂರು ಬಾರಿ ನಡೆಯುತ್ತದೆ, ಜನವರಿ, ಮೇ ಮತ್ತು ಸೆಪ್ಟೆಂಬರಿನಲ್ಲಿ. ಮುಂದಿನ ಬಾರಿಗೆ ಸಿದ್ಧರಾಗುತ್ತಿರುವವರು ಮಾದರಿ ಉತ್ತರವನ್ನು ತೆಗೆದು ಅಂಕ ಹಾಕಿಕೊಳ್ಳುವ ಮೊದಲು ಅಂಚಿನಲ್ಲಿ ಬರೆದ ಆ ನಾಲ್ಕು ವೇಳೆಗಳನ್ನು ನೋಡಿಕೊಳ್ಳಿ.